ನಾಲ್ಕು ದಿನ ಹುಬ್ಬಳ್ಳಿ-ಧಾರವಾಡ, ಒಂದು ಖಣದ ಹಿಂದೆ

ಚಿಕ್ಕಮ್ಮನ ಹತ್ತಿರ ಒಂದು ಹಳೇ ಇಳಕಲ್ ಸೀರೆ ಇದೆ. ಕಡು ಹಸಿರು ಒಡಲು, ಕೆಂಪು ಸೆರಗು. ಸೀರೆ ಇನ್ನೂ ಗಟ್ಟಿಯಾಗಿದೆ, ಅದರ ಜೊತೆಗಿದ್ದ ಖಣದ ರವಿಕೆ ಮಾತ್ರ ಯಾವತ್ತೋ ಹರಿದುಹೋಯಿತು. ಬೆಂಗಳೂರಿನಲ್ಲಿ ಖಣ ಸಿಗೋದಿಲ್ಲ ಅಂತಲ್ಲ. ಸಿಗುತ್ತೆ, ಆದರೆ ಚಿಕ್ಕಮ್ಮನಿಗೆ ಮುಟ್ಟಿ ನೋಡಿದ ತಕ್ಷಣ ಮುಖ ಸೊಟ್ಟಗಾಗುತ್ತೆ. "ಇದು ಪ್ಲಾಸ್ಟಿಕ್ ಕಣೇ, ಹುಬ್ಬಳ್ಳಿ ಜವಳಿ ಸಾಲಿಗೇ ಹೋಗಬೇಕು" ಅಂತ ಎರಡು ವರ್ಷದಿಂದ ಹೇಳ್ತಾ ಇದ್ದರು. ಈ ಜನವರಿ, ಸಂಕ್ರಾಂತಿ ಮುಗಿದ ಮೇಲೆ, ಶನಿವಾರದಿಂದ ಮಂಗಳವಾರದವರೆಗೆ ರಜೆ ಹಾಕಿ ಇಬ್ಬರೂ ಹೊರಟೆವು.

ಮೊದಲೇ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ನೋಡಲೇಬೇಕಾದ ಜಾಗಗಳ ಪಟ್ಟಿ ಬೇಡ, ಕಾರು ಬೇಡ, ಸಂಜೆಗೆ ಏನೂ ಇಟ್ಟುಕೊಳ್ಳೋದು ಬೇಡ. ಮಾರುಕಟ್ಟೆ, ನಡಿಗೆ, ಚಹಾ, ಅಷ್ಟೇ.

ಶನಿವಾರ

ರಾತ್ರಿ ರೈಲು ಬೆಳಿಗ್ಗೆ ಹುಬ್ಬಳ್ಳಿಗೆ ತಂದು ಇಳಿಸಿತು. ಇಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, 2023 ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ್ದು ಅಂತ ಸುದ್ದಿಯಾಗಿತ್ತು. ಒಂದೂವರೆ ಕಿಲೋಮೀಟರ್ ಅಂದರೆ ನಮ್ಮ ಬೆಳಗಿನ ವಾಕಿಂಗ್ ಅಲ್ಲೇ ಮುಗಿಯುತ್ತೆ ಅಂತ ಚಿಕ್ಕಮ್ಮ ನಕ್ಕರು. ಹೊರಗೆ ಬಂದರೆ ಆಟೋದವರು ಸುತ್ತುವರಿದರು. ಉಣಕಲ್ ಕೆರೆ, ಸಿದ್ಧಾರೂಢ ಮಠ, ಗಾಜಿನ ಮನೆ, ನೃಪತುಂಗ ಬೆಟ್ಟ, ಅರ್ಧ ದಿನದಲ್ಲಿ ಎಲ್ಲಾ ತೋರಸ್ತೇನ್ರಿ ಅಂದರು. ಏನೂ ನೋಡೋದಿಲ್ಲ ಅಂದಾಗ ಒಬ್ಬರಿಗೆ ನಿಜವಾಗಿ ಬೇಜಾರಾಯಿತು. "ಹಂಗಾರ ಯಾಕ ಬಂದೀರಿ ಅಕ್ಕಾರ?" ಖಣ ತಗೊಳ್ಳೋಕೆ ಅಂದೆ. "ಹಾಂ, ಅದಕ್ಕಾದ್ರ ಜವಳಿ ಸಾಲಿಗೇ ಹೋಗ್ರಿ" ಅಂದರು. ಚಿಕ್ಕಮ್ಮ ನನ್ನ ಕಡೆ ನೋಡಿದ ನೋಟ ಬೇರೆ.

ಲಾಡ್ಜಿನಲ್ಲಿ ಸ್ನಾನ ಮಾಡಿ, ತಿಂಡಿ ತಿಂದು, ಹನ್ನೊಂದಕ್ಕೆ ಹೊರಬಿದ್ದೆವು. ಶನಿವಾರ ಬೆಂಗೇರಿಯಲ್ಲಿ ಸಂತೆ. ಖಣ ಎಲ್ಲಿ ಓಡಿಹೋಗುತ್ತೆ, ಅಂಗಡಿ ನಾಳೆಯೂ ಇರುತ್ತಲ್ವಾ, ಸಂತೆ ಇವತ್ತು ಬಿಟ್ಟರೆ ಇನ್ನೊಂದು ವಾರ ಇಲ್ಲ ಅಂತ ನಾನೇ ಲೆಕ್ಕ ಹಾಕಿದೆ. ಲೆಕ್ಕದ ಮೊದಲ ಅರ್ಧ ತಪ್ಪಾಗಿತ್ತು, ಅದು ಮರುದಿನ ಗೊತ್ತಾಯಿತು.

ಬೆಂಗೇರಿ ಅಂದರೆ ರಾಷ್ಟ್ರಧ್ವಜ ತಯಾರಾಗುವ ಖಾದಿ ಕೇಂದ್ರ ಇರುವ ಊರು, ಈಗ ಹುಬ್ಬಳ್ಳಿಯ ಒಂದು ಭಾಗವೇ. ಸಂತೆಯಲ್ಲಿ ನಾವು ಕೊಂಡಿದ್ದು ಕಡಿಮೆ, ತಿಂದಿದ್ದು ಜಾಸ್ತಿ. ಸುಲಗಾಯಿ, ಅಂದರೆ ಹಸಿ ಕಡಲೆ, ಗಿಡದ ಸಮೇತ ಕಟ್ಟು ಕಟ್ಟಿ ಇಟ್ಟಿದ್ದರು. ಒಂದು ಕಟ್ಟು ತಗೊಂಡು ಸುಲಿದು ತಿನ್ನುತ್ತಾ ಸಂತೆ ಪೂರ್ತಿ ಸುತ್ತಿದೆವು. ಗಿಡದ ಹುಳಿ ಬೆರಳಿಗೆ ಅಂಟುತ್ತೆ, ನೆಕ್ಕಿದರೆ ಅದೇ ಒಂದು ರುಚಿ.

ಮಧ್ಯಾಹ್ನ ಖಾನಾವಳಿ. ಬೋರ್ಡ್ ನೋಡಿ ಒಳಗೆ ಹೋಗಬೇಡಿ, ಸದ್ದು ಕೇಳಿ ಹೋಗಿ. ಒಳಗಡೆಯಿಂದ ರೊಟ್ಟಿ ಬಡಿಯುವ ಸದ್ದು ಬರ್ತಿದ್ದರೆ ಬಿಸಿ ರೊಟ್ಟಿ ಇದೆ ಅಂತ ಅರ್ಥ. ಸದ್ದಿಲ್ಲ ಅಂದರೆ ಬೇಯಿಸಿ ಒಣಗಿಸಿದ ಕಟಕ ರೊಟ್ಟಿ ಇರಬಹುದು, ಅದೂ ಚೆನ್ನಾಗಿರುತ್ತೆ, ಆದರೆ ಹೊಸಬರಿಗೆ ಹಲ್ಲಿನ ಕೆಲಸ. ಎಣಗಾಯಿ, ಹೆಸರು ಕಾಳಿನ ಪಲ್ಯ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ನಾನು ಚಟ್ನಿಪುಡಿಗೆ ತುಪ್ಪ ಕೇಳಿದೆ. ಬಡಿಸುವವರು ಒಂದು ಕ್ಷಣ ನೋಡಿ, ಮೊಸರು ತಂದು ಚಟ್ನಿ ಮೇಲೆ ಸುರಿದರು. "ಹಿಂಗ ಕಲಸ್ಕೊಂಡು ಉಣ್ರಿ." ಸರಿ. ಅವತ್ತಿಂದ ನಾನು ಹಾಗೇ ಉಣ್ಣೋದು.

ಸಂಜೆ ದುರ್ಗದಬೈಲ್. ದುರ್ಗದ ಬೈಲು ಅಂದರೆ ಕೋಟೆ ಎದುರಿನ ಬಯಲು, ಈಗ ಕೋಟೆ ಇಲ್ಲ, ಬಯಲೂ ಇಲ್ಲ, ಬರೀ ಗಾಡಿ ಮತ್ತು ಜನ. ಬೆಳಿಗ್ಗೆ ಹೋದರೆ ಸಾಧಾರಣ ಮಾರುಕಟ್ಟೆ ಚೌಕ, ದೀಪ ಹಚ್ಚಿದ ಮೇಲೆ ಬೇರೆಯೇ ಜಾಗ. ಗಿರಮಿಟ್ ಗಾಡಿಯ ಪಕ್ಕ ಹದಿನೈದು ನಿಮಿಷ ನಿಂತು ನೋಡಿದೆ. ನಮ್ಮ ಕಡೆ ಇದನ್ನು ಚುರುಮುರಿ ಅಂತ ಅಂದುಕೊಂಡು ಬಿಡ್ತಾರೆ, ಆದರೆ ಇದರ ಜೀವ ಗೊಜ್ಜಿನಲ್ಲಿದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಒಗ್ಗರಣೆಯಲ್ಲಿ ಬಾಡಿಸಿ, ಹುಣಸೆ ರಸ ಮತ್ತು ಬೆಲ್ಲ ಹಾಕಿ ಕುದಿಸಿದ್ದು ದೊಡ್ಡ ಪಾತ್ರೆಯಲ್ಲಿ ಮೊದಲೇ ತಯಾರಿರುತ್ತೆ. ಕೇಳಿದಾಗ ಮಾತ್ರ ಮಂಡಕ್ಕಿಗೆ ಈ ಗೊಜ್ಜು ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಸೇರಿಸಿ ಕೈಯಲ್ಲಿ ತಿರುವುತ್ತಾರೆ. ಪುಟಾಣಿ ಹಿಟ್ಟಿನ ಕೆಲಸ ಗೊಜ್ಜಿನ ನೀರನ್ನು ಹೀರೋದು. ಹಾಗಾಗಿ ಮಂಡಕ್ಕಿ ಮೆತ್ತಗಾಗೋಕೆ ಮುಂಚೆ ನಿಮಗೆ ಸ್ವಲ್ಪ ಹೊತ್ತು ಸಿಗುತ್ತೆ. ಸ್ವಲ್ಪವೇ. ನಾನು ಫೋಟೋ ತೆಗೆದು, ಮನೆಗೆ ಕಳಿಸಿ, ತಮ್ಮನ ಉತ್ತರ ಓದಿ ಆಮೇಲೆ ತಿಂದೆ, ಒದ್ದೆ ಬಟ್ಟೆ ಹಾಗೆ ಆಗಿತ್ತು. ಎರಡನೇ ಪ್ಲೇಟ್ ಫೋನ್ ಚೀಲದಲ್ಲಿಟ್ಟು ತಿಂದೆ. ಜೊತೆಗೆ ಮಿರ್ಚಿ. ಗಿರಮಿಟ್ ಒಂದು ತುತ್ತು, ಮಿರ್ಚಿ ಒಂದು ಕಚ್ಚು, ಹೀಗೇ ಹೋಗಬೇಕು, ಒಂದು ಮುಗಿಸಿ ಇನ್ನೊಂದಲ್ಲ.

ಭಾನುವಾರ

ಇಲ್ಲಿ ರವಿವಾರ ಅಂತಾರೆ. ಹೆಸರು ಏನಾದರೂ ಇರಲಿ, ಹತ್ತು ಗಂಟೆಗೆ ಚಿಕ್ಕಮ್ಮ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಉತ್ಸಾಹದಿಂದ ಜವಳಿ ಸಾಲಿಗೆ ಹೋದರೆ ಉದ್ದಕ್ಕೂ ಶಟರ್ ಇಳಿದಿದೆ. ಎರಡು ಮೂರು ಅಂಗಡಿ ಬಿಟ್ಟರೆ ಎಲ್ಲಾ ಬಂದ್. ಓಣಿಯಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ದರು, ಶಟರ್‌ಗೆ ಬಡಿದರೆ ನಾಲ್ಕು. ಚಿಕ್ಕಮ್ಮ ಏನೂ ಅನ್ನಲಿಲ್ಲ. ಅದೇ ಕಷ್ಟ, ಬೈದಿದ್ದರೆ ಚೆನ್ನಾಗಿತ್ತು.

ಅಂಗಡಿ ಕಟ್ಟೆ ಮೇಲೆ ಪೇಪರ್ ಓದ್ತಾ ಕೂತಿದ್ದ ಅಜ್ಜ ಒಬ್ಬರು ವಿಷಯ ಕೇಳಿ, "ಇವತ್ತ ಯಾರೂ ತಗಿಯೂದಿಲ್ಲ ತಂಗಿ. ನಾಳೆ ಬರ್ರಿ, ಇಲ್ಲಾಂದ್ರ ನಾಡದ ಸಂಜಿ ಮುಂದ ಬರ್ರಿ" ಅಂದರು. ನಮ್ಮ ವಾಪಸ್ ರೈಲು ಮಂಗಳವಾರ ರಾತ್ರಿ ಹುಬ್ಬಳ್ಳಿಯಿಂದಲೇ. ಸರಿ, ಮಂಗಳವಾರ ಸಂಜೆ ಅಂತ ಗುರುತು ಹಾಕಿಕೊಂಡೆ. ಅಲ್ಲಿಗೆ ಬಂದವರು ಹಾಗೇ ಸುಮ್ನೆ ಓಣಿ ಓಣಿ ನಡೆದೆವು. ಮುಚ್ಚಿದ ಬಜಾರಿನಲ್ಲಿ ಒಂದು ಲಾಭ ಇದೆ. ಜನ, ಗಾಡಿ, ನೇತು ಹಾಕಿದ ಬಟ್ಟೆ ಇಲ್ಲದಿದ್ದಾಗ ಅಂಗಡಿಗಳ ಮೇಲಿನ ಮಹಡಿ ಕಾಣುತ್ತೆ, ಹಳೇ ಮರದ ಕಿಟಕಿ ಕಾಣುತ್ತೆ, ಕೆಲವು ಕಡೆ ಕೆಳಗೆ ಅಂಗಡಿ, ಮೇಲೆ ಮನೆ, ಮೇಲಿಂದ ಬುಟ್ಟಿ ಇಳಿಬಿಟ್ಟು ತರಕಾರಿ ತಗೋತಾರೆ. ಕಂಚಗಾರ ಗಲ್ಲಿಯ ಹೆಸರು ಮಾತ್ರ ಓದಿಕೊಂಡು ಬಂದೆವು.

ಮಧ್ಯಾಹ್ನ ಚೀಲ ಎತ್ತಿಕೊಂಡು ಧಾರವಾಡಕ್ಕೆ. ಎರಡು ಊರಿನ ನಡುವೆ ಇಪ್ಪತ್ತು ಕಿಲೋಮೀಟರ್, ಚಿಗರಿ ಬಸ್ಸು. ರಸ್ತೆ ಮಧ್ಯದಲ್ಲಿ ನಿಲ್ದಾಣ, ಅಲ್ಲೇ ಟಿಕೆಟ್ ತಗೊಂಡು ಗೇಟ್ ದಾಟಿ ಒಳಗೆ ಹೋಗಬೇಕು, ಬಸ್ಸಿಗೆ ತನ್ನದೇ ಲೇನ್. ಎಲ್ಲಾ ನಿಲ್ದಾಣಕ್ಕೂ ನಿಲ್ಲುವ ಬಸ್ಸೂ ಇದೆ, ಕೆಲವೇ ಕಡೆ ನಿಲ್ಲುವುದೂ ಇದೆ. ಹತ್ತೋಕೆ ಮುಂಚೆ ಕೇಳಿ. ನಮಗೆ ಅವಸರ ಇರಲಿಲ್ಲ, ಎಲ್ಲಾ ಕಡೆ ನಿಲ್ಲುವುದನ್ನೇ ಹತ್ತಿದೆವು. ವಿದ್ಯಾನಗರ, ಉಣಕಲ್, ನವನಗರ, ರಾಯಾಪುರ, ಸತ್ತೂರು, ನವಲೂರು. ನವಲೂರು ಅಂದರೆ ಪೇರಲ ಹಣ್ಣು ಅಂತ ಪಕ್ಕದಲ್ಲಿ ಕೂತ ಹೆಂಗಸು ಹೇಳಿ, ತಮ್ಮ ಚೀಲದಿಂದ ಎರಡು ಕೊಟ್ಟೇ ಬಿಟ್ಟರು. ಬೇಡ ಅನ್ನೋಕೆ ಬಿಡಲಿಲ್ಲ.

ಧಾರವಾಡದ ಸಂಜೆ ಸಾಧನಕೇರಿಗೆ ನಡೆದೆವು. ಬೇಂದ್ರೆಯವರ ಮನೆ ಇರುವ ಕಡೆ, ಕೆರೆ ಪಕ್ಕ. ಮಾರುಕಟ್ಟೆ ಕಡೆಯಿಂದ ನಿಧಾನಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಚಿಕ್ಕಮ್ಮನ ಮೊಣಕಾಲು ಸೇರಿಸಿ. ಹುಬ್ಬಳ್ಳಿಯಿಂದ ಬಂದವರಿಗೆ ಮೊದಲು ಕಾಣೋದು ಏರು ಇಳಿವು. ಹುಬ್ಬಳ್ಳಿ ಹೆಚ್ಚು ಕಡಿಮೆ ಸಪಾಟು, ಧಾರವಾಡ ದಿಣ್ಣೆ ಮೇಲಿನ ಊರು, ಗಾಳಿಯೇ ಬೇರೆ. ಕೆರೆ ಹತ್ತಿರ ಕೂತು ಪೇರಲ ತಿಂದೆವು. ಆರೂವರೆಗೆ ಚಳಿ ಶುರುವಾಯಿತು, ಎದ್ದು ಬಂದೆವು. ಆ ಸಂಜೆ ಅಷ್ಟೇ ನಡೆದಿದ್ದು.

ಸೋಮವಾರ

ಬೆಳಿಗ್ಗೆ ಲೈನ್ ಬಜಾರ್. ಪೇಢೆ ಅಂಗಡಿ ಮುಂದೆ ಸಾಲು. ಧಾರವಾಡದ ಪೇಢೆ ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗಿನ ಕಾಲದಲ್ಲಿ ವಲಸೆ ಬಂದ ಠಾಕೂರ್ ಮನೆತನದ ಕೈಯಲ್ಲಿ ಹುಟ್ಟಿದ್ದು. ಖೋವಾವನ್ನು ಸಕ್ಕರೆ ಜೊತೆ ಕಂದು ಬಣ್ಣ ಬರುವವರೆಗೆ ಹುರಿಯುತ್ತಾರೆ, ಆಮೇಲೆ ಉಂಡೆ ಮಾಡಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಸಾಲಲ್ಲಿ ನಿಂತಾಗ ಸಕ್ಕರೆ ಸುಟ್ಟ ವಾಸನೆ ಬರ್ತಾ ಇರುತ್ತೆ. ಊರಿಗೆ ಒಯ್ಯೋಕೆ ಅರ್ಧ ಕೆಜಿ, ಅಲ್ಲೇ ತಿನ್ನೋಕೆ ಕಾಲು ಕೆಜಿ ತಗೊಂಡೆವು. ಕಾಲು ಕೆಜಿ ಇಬ್ಬರಿಗೆ ಜಾಸ್ತಿ, ಹೇಳಿದ್ದೇನೆ.

ಅಲ್ಲಿಂದ ಸುಭಾಸ ರಸ್ತೆ. 1933 ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಅಟ್ಟ ಇಲ್ಲೇ, ಲಕ್ಷ್ಮೀ ಭವನದಲ್ಲಿ. ಮೆಟ್ಟಿಲು ಹತ್ತಿ ಹೋದೆವು. ಗೋಡೆ ತುಂಬಾ ಪುಸ್ತಕ, ಫೋಟೋ. ಚಿಕ್ಕಮ್ಮ ಎರಡು ನಾಟಕದ ಪುಸ್ತಕ ಕೊಂಡರು. ಅವರು ಖಣಕ್ಕೆ ಅಂತ ಇಟ್ಟ ದುಡ್ಡಿನಲ್ಲಿ ಅಂತ ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಊರು ಮಲಗುತ್ತೆ. ಊಟ ಆದ ಮೇಲೆ ಕೆಲವು ಅಂಗಡಿ ಅರ್ಧ ಬಾಗಿಲು ಹಾಕಿರುತ್ತವೆ, ಆಗ ಹೋಗಿ ಏನನ್ನೂ ಕೇಳಬೇಡಿ. ನಾವೂ ಮಲಗಿದೆವು. ನಾಲ್ಕಕ್ಕೆ ಸಪ್ತಾಪುರಕ್ಕೆ ಹೋದೆವು, ನನಗೆ ಕೆಫೆ ಬೇಕಿತ್ತು. ಸಪ್ತಾಪುರ ಅಂದರೆ ಕೋಚಿಂಗ್ ಸೆಂಟರ್‌ಗಳ ಬೀದಿ, ರಾಜ್ಯದ ಎಲ್ಲಾ ಕಡೆಯಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋಕೆ ಬಂದ ಹುಡುಗ ಹುಡುಗಿಯರು. ಕೆಫೆಗಳೂ ಇವೆ, ಆದರೆ ಮಾತು ನಡೆಯೋದು ಚಹಾ ಅಂಗಡಿಗಳ ಮುಂದೆ. ಒಂದು ಚಹಾ ತಗೊಂಡು ಗಂಟೆ ನಿಲ್ಲಬಹುದು, ಯಾರೂ ಎಬ್ಬಿಸೋದಿಲ್ಲ. ನಮ್ಮ ಪಕ್ಕ ಮೂರು ಜನ ಪಿಎಸ್‌ಐ ಪರೀಕ್ಷೆಯ ಕೀ ಉತ್ತರದ ಬಗ್ಗೆ ಜಗಳ ಆಡ್ತಿದ್ದರು. ನಾಲ್ಕನೆಯವನು ಗೋಡೆ ಕಡೆ ಮುಖ ಮಾಡಿ ಸಂವಿಧಾನದ ಕಲಂಗಳನ್ನು ಬಾಯಿಪಾಠ ಮಾಡ್ತಿದ್ದ, ಮಧ್ಯೆ ಮಧ್ಯೆ ಚಹಾ ಗುಟುಕು. ನಾನು ನೂರ ಎಂಬತ್ತು ರೂಪಾಯಿಯ ಕಾಫಿ ಕುಡಿಯೋಕೆ ಬಂದವಳು ಇಲ್ಲೇ ಮೂರು ಸಲ ಚಹಾ ಕುಡಿದೆ.

ಸಂಜೆ ಕರ್ನಾಟಕ ವಿದ್ಯಾವರ್ಧಕ ಸಂಘದ ಮುಂದೆ ಹಾದು ಹೋಗ್ತಾ ಕಾರ್ಯಕ್ರಮದ ಬ್ಯಾನರ್ ನೋಡಿ ಒಳಗೆ ಹೋದೆವು. 1890 ರಲ್ಲಿ ಶುರುವಾದ ಸಂಸ್ಥೆ. ಪಾಟೀಲ ಪುಟ್ಟಪ್ಪ ಸಭಾಭವನದಲ್ಲಿ ಪುಸ್ತಕ ಬಿಡುಗಡೆ. ಯಾರ ಪುಸ್ತಕ ಅಂತಲೂ ನಮಗೆ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಹಿಂದಿನ ಸಾಲಲ್ಲಿ ಕೂತೆವು, ಚಹಾ ಬಂತು, ಭಾಷಣ ಮಾಡ್ತಿದ್ದವರನ್ನು ಸಭಿಕರಲ್ಲೊಬ್ಬರು ಮಧ್ಯದಲ್ಲೇ ನಿಲ್ಲಿಸಿ ಒಂದು ತಪ್ಪು ತಿದ್ದಿದರು, ಭಾಷಣಕಾರರು ಒಪ್ಪಿಕೊಂಡು ಮುಂದುವರಿಸಿದರು. ಚಿಕ್ಕಮ್ಮನಿಗೆ ಇಡೀ ಪ್ರವಾಸದಲ್ಲಿ ಅದೇ ಅತಿ ಇಷ್ಟವಾಗಿದ್ದು. ಸಂಜೆಗೆ ಟಿಕೆಟ್ ಏನಾದರೂ ಕೊಂಡಿದ್ದರೆ ಅದು ತಪ್ಪಿಹೋಗ್ತಿತ್ತು.

ಮಂಗಳವಾರ

ಧಾರವಾಡದ ಸಂತೆ ದಿನ. ಬೆಳಿಗ್ಗೆ ಬೇಗ ಹೋದರೆ ಹಳ್ಳಿಯಿಂದ ಬಂದವರು ಇನ್ನೂ ಗಂಟು ಬಿಚ್ಚುತ್ತಾ ಇರುತ್ತಾರೆ. ನಮ್ಮ ಕಣ್ಣು ಒಣ ಮೆಣಸಿನಕಾಯಿ ಮೇಲೆ. ಬ್ಯಾಡಗಿ ಅಂತ ಎಲ್ಲರೂ ಕೂಗ್ತಾರೆ, ಆದರೆ ಅದರಲ್ಲೇ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ಸಣಕಲು, ಮೈಯೆಲ್ಲಾ ಸುಕ್ಕು. ಸಾರಿನ ಪುಡಿಗೆ ಡಬ್ಬಿ ತಗೋರಿ ಅಂದರು ಮಾರುವ ಅವ್ವ. ನಾನು ಒಂದು ಹಿಡಿ ಎತ್ತಿ ಬಣ್ಣ ನೋಡ್ತಿದ್ದೆ. ಅವ್ವ ನನ್ನ ಕೈಯಿಂದ ಒಂದು ಕಾಯಿ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದರು. "ಬಣ್ಣ ಏನ್ ನೋಡ್ತಿ ಯವ್ವಾ, ಕೇಳು." ಒಳಗೆ ಬೀಜ ಗಲಗಲ ಅಂತು. ಒಣಗಿದ್ದರೆ ಬೀಜ ಬಿಟ್ಟುಕೊಂಡು ಸದ್ದು ಮಾಡುತ್ತೆ, ಹಸಿ ಇದ್ದರೆ ಅಂಟಿಕೊಂಡು ಸುಮ್ಮನಿರುತ್ತೆ. ಆಮೇಲೆ ಮುಷ್ಟಿ ಕಟ್ಟಿ ಹಿಚುಕಿ ಬಿಟ್ಟು ತೋರಿಸಿದರು. ಮುದ್ದೆಯಾಗಿ ಹಾಗೇ ಉಳಿದರೆ ಅದರಲ್ಲಿ ನೀರಿದೆ, ತೂಕಕ್ಕೆ ನೀವು ನೀರಿಗೂ ದುಡ್ಡು ಕೊಡ್ತೀರಿ, ಮನೆಗೆ ಒಯ್ದ ಮೇಲೆ ಬೂಸ್ಟು ಹಿಡಿಯುತ್ತೆ. ತೊಟ್ಟಿನ ಹತ್ತಿರ ಮುರಿದು ಒಳಗೆ ಕಪ್ಪಾಗಿದೆಯಾ ಅಂತಲೂ ನೋಡಬೇಕಂತೆ. ಜನವರಿಯಲ್ಲಿ ಬರೋದು ಹೊಸ ಕಾಯಿ, ಎಷ್ಟೇ ಒಣಗಿದ್ದರೂ ಎರಡು ದಿನ ಬಿಸಿಲಿಗೆ ಹಾಕಿಯೇ ಕುಟ್ಟಿಸಿ ಅಂದರು. ಇಷ್ಟು ಹೇಳಿದವರ ಹತ್ತಿರ ಚೌಕಾಸಿ ಮಾಡೋಕೆ ಬಾಯಿ ಬರಲಿಲ್ಲ. ಎರಡು ಕೆಜಿ.

ನಾಲ್ಕೂವರೆಗೆ ಮತ್ತೆ ಹುಬ್ಬಳ್ಳಿ, ಮತ್ತೆ ಜವಳಿ ಸಾಲು. ಈ ಸಲ ಶಟರ್ ಎದ್ದಿತ್ತು, ಆದರೆ ಓಣಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಮೊದಲ ಎರಡು ಅಂಗಡಿಯಲ್ಲಿ ಚಿಕ್ಕಮ್ಮ ಮುಟ್ಟಿದರು, ಎದ್ದರು. ಮೂರನೆಯದು ಚಪ್ಪಲಿ ಬಿಟ್ಟು ಗಾದಿ ಮೇಲೆ ಕೂರುವ ಹಳೇ ಅಂಗಡಿ. ಚಿಕ್ಕಮ್ಮ ಸೀರೆ ತೆಗೆದು ಬಿಡಿಸಿದರು. ಅಂಗಡಿಯ ಸಾಹುಕಾರರು ಒಡಲು ನೋಡಲಿಲ್ಲ, ಸೀದಾ ಸೆರಗು ಕೂಡಿದ ಜಾಗ ಹುಡುಕಿ ಬೆರಳಾಡಿಸಿದರು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಉದ್ದದ ಎಳೆ, ಬೇರೆ ನೂಲಿನದು, ಒಡಲಿನದು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ, ಅಲ್ಲಿ ಸಣ್ಣ ಗಂಟಿನ ಸಾಲು ಬೆರಳಿಗೆ ಸಿಗುತ್ತೆ. "ಕೊಂಡಿ ಐತಿ ನೋಡ್ರಿ, ಛಲೋ ಸೀರಿ. ಇದಕ್ಕ ಎಂಥದರ ಖಣ ಹಾಕಬ್ಯಾಡ್ರಿ."

ಆಮೇಲೆ ಖಣಗಳು ಬಂದವು. ಗುಳೇದಗುಡ್ಡದವು. ತೇರು, ಆನೆ ಹೆಜ್ಜೆ, ಇನ್ನೂ ಏನೇನೋ ಬುಟ್ಟಾ. ಬುಟ್ಟಾಕ್ಕೆ ಅಂತ ಹಾಸಿನಲ್ಲೇ ಹೆಚ್ಚಿನ ಎಳೆ ಇಟ್ಟು ನೇಯುತ್ತಾರೆ, ಅದಕ್ಕೇ ಚಿತ್ರಗಳು ಉದ್ದಕ್ಕೆ ಸಾಲಾಗಿ ನಿಲ್ಲುತ್ತವೆ. ನೋಡೋಕೆ ಒಂದೇ ಥರ ಕಾಣುವ ಎರಡು ಖಣ ಎದುರಿಗಿಟ್ಟು, ಬೆಲೆ ಕೇಳಿದರೆ ಒಂದಕ್ಕೂ ಇನ್ನೊಂದಕ್ಕೂ ಭಾರಿ ವ್ಯತ್ಯಾಸ. ಯಾಕೆ ಅಂದೆ. ಅವರು ಎರಡರ ಅಂಚಿನಿಂದಲೂ ಒಂದೊಂದು ಎಳೆ ಕಿತ್ತು, ಕಡ್ಡಿ ಗೀರಿದರು. ಕಡಿಮೆ ಬೆಲೆಯ ಖಣದ ಎಳೆ ಬೆಂಕಿಯಿಂದ ಹಿಂದೆ ಸರಿದು ಮುದುಡಿ, ತುದಿಯಲ್ಲಿ ಸಾಸಿವೆ ಹಾಗೆ ಗಟ್ಟಿ ಕಪ್ಪು ಗುಂಡಾಯಿತು. ಪಾಲಿಯೆಸ್ಟರ್. ಇನ್ನೊಂದು ಎಳೆ ಕೂದಲು ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ತಿಕ್ಕಿದರೆ ಪುಡಿಯಾಯಿತು. ರೇಷ್ಮೆ. ಅಡ್ಡ ಎಳೆಯನ್ನೂ ಸುಟ್ಟರು, ಅದು ಕಾಗದದ ವಾಸನೆ, ಬೂದಿ. ಹತ್ತಿ. ಅಡ್ಡ, ಉದ್ದ ಎರಡೂ ಎಳೆ ನೋಡಲೇಬೇಕು, ಒಂದು ಕಡೆ ಮಾತ್ರ ಒಳ್ಳೇ ನೂಲು ಹಾಕಿ ಇನ್ನೊಂದು ಕಡೆ ಪಾಲಿಯೆಸ್ಟರ್ ಹಾಕಿದ್ದೂ ಬರುತ್ತಂತೆ. ಚಿಕ್ಕಮ್ಮನ ಮುಖದಲ್ಲಿ ಎರಡು ವರ್ಷದ ವಾದ ಗೆದ್ದ ನಗು.

ಒಂದು ಖಣಕ್ಕೆ ಒಂದು ಕುಬಸ. ಉದ್ದ ತೋಳು ಬೇಕಾದರೆ ಸಾಲದು, ಎರಡು ತಗೋಬೇಕು, ಒಂದೇ ಸಲ ತಗೊಳ್ಳಿ, ಆಮೇಲೆ ಅದೇ ಬಣ್ಣ ಸಿಗೋದು ಕಷ್ಟ ಅಂದರು. ಕೆಂಪಿನಲ್ಲಿ ತೇರಿನ ಬುಟ್ಟಾ, ಎರಡು. ದುಡ್ಡು ನಾನು ಕೊಟ್ಟೆ, ನಾಟಕದ ಪುಸ್ತಕಗಳ ಕಾರಣ. ಸಾಹುಕಾರರು ಎರಡನ್ನೂ ತ್ರಿಕೋನವಾಗಿ ಮಡಚಿ, ಮೇಲೆ ಒಂದು ತಟ್ಟು ತಟ್ಟಿ ಕೊಟ್ಟರು.

ರೈಲಿಗೆ ಇನ್ನೂ ಮೂರು ಗಂಟೆ ಇತ್ತು. ದುರ್ಗದಬೈಲಿಗೆ ಹೋಗಿ ಮತ್ತೆ ಗಿರಮಿಟ್ ತಿಂದೆವು, ಫೋನ್ ತೆಗೆಯದೆ. ಚೀಲದಲ್ಲಿ ಜಾಗ ಇಲ್ಲದೆ ಖಣವನ್ನು ಮೆಣಸಿನಕಾಯಿ ಗಂಟಿನ ಮೇಲೇ ಇಟ್ಟಿದ್ದೆ. ಬೆಂಗಳೂರಿನಲ್ಲಿ ನಮ್ಮ ಟೈಲರ್ ಮಡಿಕೆ ಬಿಚ್ಚಿ ಅಳತೆಗೆ ಹಿಡಿದವನೇ ನಾಲ್ಕು ಸಲ ಸೀನಿದ, ಮೂಗು ಒರೆಸಿಕೊಂಡು, "ಇದೆಲ್ಲಿಂದ ತಂದ್ರಿ ಅಮ್ಮಾ?" ಅಂದ.